ಒಲೆಯ ಮುಂದಿನ ಹಗುರ ಕೆಲಸ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ, 1988ರ ಡಿಸೆಂಬರಿನ ಒಂದು ಗುರುವಾರ. ಶಿಡ್ಲಘಟ್ಟದಲ್ಲಿ ನಲ್ಲಪ್ಪನವರ ರೇಷ್ಮೆ ನೂಲು ತೆಗೆಯುವ ಶೆಡ್ಡಿನೊಳಗೆ ಮುನಿಗಂಗಪ್ಪ ಮಣೆಯ ಮೇಲೆ ಕೂತು ಒಲೆಗೆ ಕಡಲೆಕಾಯಿ ಸಿಪ್ಪೆ ನೂಕುತ್ತಿದ್ದ. ಎದೆಯ ನಡುವೆ ಯಾರೋ ಮೊಣಕಾಲೂರಿ ಒತ್ತಿದಂತಾಯಿತು. ಆ ನೋವು ಅವನಿಗೆ ಹೊಸದಲ್ಲ. ಆದರೆ ಈ ಸಲ ಅದು ಕೂತಲ್ಲೇ ಇಷ್ಟು ಬಲವಾಗಿ ಬಂದಿತ್ತು, ನಾಲಗೆಯ ಕೆಳಗಿಟ್ಟ ಮಾತ್ರೆ ಕರಗಿದ ಮೇಲೂ ಹೋಗಿರಲಿಲ್ಲ.

ಮುನಿಗಂಗಪ್ಪ ನಗರಗೆರೆ ಕಡೆಯವನು. ಮದುವೆಯಾದ ಮೇಲೆ ಹೆಂಡತಿ ಓಬಳಮ್ಮನೊಂದಿಗೆ ಶಿಡ್ಲಘಟ್ಟಕ್ಕೆ ಬಂದು ಚರಕದ ಕೆಲಸ ಹಿಡಿದ. ಆ ಕೆಲಸಕ್ಕೆ ಜೋಡಿ ಬೇಕು. ಒಬ್ಬರು ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು ಗೂಡುಗಳಿಂದ ಎಳೆ ಹಿಡಿದು ಕೊಡಬೇಕು, ಇನ್ನೊಬ್ಬರು ಎದುರಿಗೆ ನಿಂತು ಚಕ್ರ ತಿರುಗಿಸಬೇಕು. ಓಬಳಮ್ಮ ಎಳೆ ಕೊಡುತ್ತಿದ್ದಳು, ಅವನು ತಿರುಗಿಸುತ್ತಿದ್ದ. ಅವನ ತಿರುವಿನಲ್ಲಿ ಏರಿಳಿತವಿರಲಿಲ್ಲ, ಹಾಗಾಗಿ ನೂಲಿನಲ್ಲಿ ದಪ್ಪ ತೆಳುವು ಬರುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ನೂಲನ್ನು ಬೆರಳಿಗೆ ಸುತ್ತಿ ನೋಡುವ ವ್ಯಾಪಾರಿಗಳು ಇದು ಮುನಿಗಂಗನ ಕೈಯದೇ ಎಂದು ಕೇಳುತ್ತಿದ್ದರಂತೆ. ಹಾಗಂತ ನಲ್ಲಪ್ಪನವರೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಮನೆಯಲ್ಲಿ ತೆಲುಗು, ಶೆಡ್ಡಿನಲ್ಲಿ ಕನ್ನಡ ಮಾತಾಡುತ್ತಿದ್ದರು. ಜಗಳ ಬಂದರೆ ಮಾತ್ರ ಶೆಡ್ಡಿನಲ್ಲೂ ತೆಲುಗು.

ಆ ವರ್ಷದ ದಸರಾ ಮುಗಿದ ವಾರದಲ್ಲಿ ಚಕ್ರ ತಿರುಗಿಸುತ್ತಿದ್ದಾಗ ಮೊದಲ ಸಲ ಎದೆ ಹಿಡಿಯಿತು. ನಿಂತ, ಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಬಂತು. ವಾಯು ಎಂದು ಓಮ ಜಗಿದ. ಕೆಲವು ದಿನ ಕಳೆದ ಮೇಲೆ ಎಡಗೈಗೂ ನೋವು ಇಳಿದಾಗ ಓಬಳಮ್ಮ ಅವನನ್ನು ಬಸ್ ನಿಲ್ದಾಣದ ಹಿಂದಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿ ಚಿಕ್ಕಬಳ್ಳಾಪುರದ ಡಾಕ್ಟರ್ ಶಾಂತಕುಮಾರಿ ಕೂರುತ್ತಿದ್ದರು. ಅವರು ಇಸಿಜಿ ತೆಗೆದರು, ಬೀಡಿಯ ಬಗ್ಗೆ ಕೇಳಿದರು, ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿದೆ ಎಂದರು.

ಮುನಿಗಂಗಪ್ಪನಿಗೆ ನಂಬಿಕೆ ಬರಲಿಲ್ಲ. ತೋಳು ನೋಯದೆ, ಕಾಲು ನೋಯದೆ, ಎದೆ ಮಾತ್ರ ಯಾಕೆ ನೋಯಬೇಕು ಎಂದು ಕೇಳಿದ. ಕೆಲಸ ಮಾಡುವುದು ತೋಳಲ್ಲವೇ?

ಡಾಕ್ಟರಿಗೆ ಆ ಪ್ರಶ್ನೆ ಇಷ್ಟವಾಯಿತು. ಹೊರಗೆ ಜನ ಕಾಯುತ್ತಿದ್ದರೂ ಬಿಡಿಸಿ ಹೇಳಿದರು. ಸುಮ್ಮನಿರುವಾಗ ಇಡೀ ಮೈಯನ್ನು ಒಟ್ಟಾಗಿ ನೋಡಿದರೆ, ರಕ್ತ ತಂದ ಆಮ್ಲಜನಕದಲ್ಲಿ ಸುಮಾರು ಕಾಲು ಭಾಗವಷ್ಟೇ ಖರ್ಚಾಗುತ್ತದೆ, ಮಿಕ್ಕದ್ದು ಹಿಂದಕ್ಕೆ ಹೋಗುತ್ತದೆ. ತೋಳಿಗೆ ಕೆಲಸ ಹೆಚ್ಚಾದಾಗ ಅದು ಅದೇ ರಕ್ತದಿಂದ ಇನ್ನಷ್ಟು ಹೀರಿಕೊಳ್ಳಬಲ್ಲದು. ಹೃದಯದ ಮಾಂಸ ಹಾಗಲ್ಲ. ಅದಕ್ಕೆ ಬಿಡುವೇ ಇಲ್ಲ, ನಿದ್ದೆಯಲ್ಲೂ ಬಡಿಯುತ್ತಿರಬೇಕು. ಆದ್ದರಿಂದ ಸುಮ್ಮನಿರುವಾಗಲೇ ತನ್ನ ಪಾಲಿಗೆ ಬಂದ ರಕ್ತದಿಂದ ಮುಕ್ಕಾಲು ಭಾಗದಷ್ಟು ತೆಗೆದುಕೊಂಡು ಮುಗಿಸಿರುತ್ತದೆ. ಹಿಂದಕ್ಕೆ ಹೋಗುವ ರಕ್ತದಲ್ಲಿ ಕೆರೆದು ತೆಗೆಯುವಷ್ಟು ಏನೂ ಉಳಿದಿರುವುದಿಲ್ಲ.

ಮುನಿಗಂಗಪ್ಪ ಅದನ್ನು ತನ್ನ ಕೆಲಸಕ್ಕೆ ಹೊಂದಿಸಿ ನೋಡಿದ.

"ಅಂದ್ರೆ ಗೂಡು ಪೂರ್ತಿ ಬಿಚ್ಚಿ ಒಳಗಿನ ಹುಳ ಕಾಣೋ ಹಂಗಾಗೈತೆ. ಇನ್ನೂ ನೂಲು ಬೇಕು ಅಂದ್ರೆ ಬೇರೆ ಗೂಡೇ ಹಾಕ್ಬೇಕು. ಅಲ್ವಾ ಡಾಕ್ಟ್ರಮ್ಮ?"

"ಹಂಗೇನೇ ಕಣಪ್ಪ. ಬೇರೆ ಗೂಡು ಅಂದ್ರೆ ಬೇರೆ ರಕ್ತ. ಒಳ್ಳೆ ಹೃದಯದಲ್ಲಿ ನಾಳ ಅಗಲ ಆಗುತ್ತೆ, ನಾಲ್ಕೈದು ಪಾಲು ಹೆಚ್ಚು ರಕ್ತ ಬರುತ್ತೆ. ನಿಂದು ಅಗಲ ಆಗಲ್ಲ."

"ಮತ್ತೆ?"

"ಗೂಡು ಹೆಚ್ಚು ಬರಲ್ಲ ಅಂದ್ಮೇಲೆ ನೂಲು ಹೆಚ್ಚು ಕೇಳ್ಬಾರ್ದು. ಚಕ್ರ ಬಿಡು."

ಇನ್ನೊಂದು ವಿಷಯವನ್ನೂ ಹೇಳಿದರು. ಹೃದಯ ತನ್ನ ರಕ್ತವನ್ನು ಹೆಚ್ಚಾಗಿ ಪಡೆಯುವುದು ಹಿಂಡುವಾಗ ಅಲ್ಲ, ಎರಡು ಬಡಿತಗಳ ನಡುವೆ ಸಡಿಲವಾಗುವಾಗ. ಬಡಿತ ಜೋರಾದಷ್ಟೂ ಆ ಬಿಡುವು ಮೊಟಕಾಗುತ್ತದೆ. ಬೇಕಾದದ್ದು ಹೆಚ್ಚುತ್ತದೆ, ಬರುವ ಹೊತ್ತು ಕಡಿಮೆಯಾಗುತ್ತದೆ. ಬಡಿತ ನಿಧಾನ ಮಾಡುವ ಮಾತ್ರೆ, ನೋವು ಬಂದಾಗ ನಾಲಗೆಯ ಕೆಳಗಿಡುವ ಮಾತ್ರೆ, ಎರಡನ್ನೂ ಬರೆದುಕೊಟ್ಟರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದು ನಾಳ ಪರೀಕ್ಷೆಗೆ ದಿನ ಕೇಳಿದರು. ಸಂಕ್ರಾಂತಿ ಕಳೆದ ವಾರಕ್ಕೆ ದಿನ ಸಿಕ್ಕಿತು. ಅಲ್ಲಿಯವರೆಗೆ ಎದೆಯನ್ನು ಕಾಪಾಡಿಕೊಂಡರೆ ಸಾಕು, ಆಮೇಲೆ ದಾರಿಯಿದೆ ಎಂದರು.

ಬೀಡಿಯನ್ನು ಅವನು ಆ ದಿನವೇ ಬಿಟ್ಟ. ಚಕ್ರ ಬಿಡುವುದು ಅಷ್ಟು ಸುಲಭವಾಗಿರಲಿಲ್ಲ. ಜೋಡಿಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರ ಜಾಗವೂ ಹೋಗುತ್ತದೆ. ಅವನು ನಿಂತರೆ ಓಬಳಮ್ಮನೂ ಮನೆಗೆ. ಆದರೆ ನಲ್ಲಪ್ಪ ಕೆಟ್ಟ ಮನುಷ್ಯರಲ್ಲ. ಹೆಂಡತಿ ಬಾಣಂತನಕ್ಕೆ ಹೋಗಿ ಒಂಟಿಯಾಗಿದ್ದ ಬಯ್ಯಪ್ಪನನ್ನು ಓಬಳಮ್ಮನ ಎದುರಿನ ಚಕ್ರಕ್ಕೆ ನಿಲ್ಲಿಸಿದರು. ಮುನಿಗಂಗಪ್ಪನಿಗೆ ಶೆಡ್ಡಿನಲ್ಲೇ ಅತಿ ಹಗುರವಾದ ಕೆಲಸ ಕೊಟ್ಟರು. ಮಣೆ ಹಾಕಿಸಿ, "ಲೇ ಮುನಿಗಂಗಾ, ಇಲ್ಲಿ ಅತ್ತೆ ಮನೇಲಿ ಕೂತಂಗೆ ಕೂತ್ಕೋ. ಸಿಪ್ಪೆ ನೂಕೋದೊಂದೇ ನಿನ್ನ ಕೆಲ್ಸ" ಎಂದರು.

ಓಬಳಮ್ಮ ಬಾಣಲೆಯಿಂದ ತಲೆಯೆತ್ತದೆ, "ನನ್ನ ಬಾಣಂತನದಾಗೆ ನಂಗೆ ಇಷ್ಟು ಬೆಂಕಿ ಕಾಯಿಸ್ಲಿಲ್ಲ ಯಾರೂ" ಎಂದಳು. ಶೆಡ್ಡೆಲ್ಲ ನಕ್ಕಿತು. ಮುನಿಗಂಗಪ್ಪನೂ ನಕ್ಕ.

ಅದು ಚಳಿಗಾಲ. ಗಾಳಿ ಬಂದರೆ ಎಳೆ ಅಲುಗಿ ಹರಿಯುತ್ತದೆಂದು ಆ ಶೆಡ್ಡಿನ ಕಿಟಕಿಗಳಿಗೆ ಗೋಣಿ ಕಟ್ಟುತ್ತಿದ್ದರು. ಚಕ್ರ ಇದ್ದದ್ದು ಬಾಗಿಲ ಬಳಿ, ಒಲೆಯ ಬಾಯಿ ಒಳಗಿನ ಮೂಲೆಯಲ್ಲಿ. ಹಸಿ ಸಿಪ್ಪೆ ಉರಿಯದೆ ಹೊಗೆಯಾಡುತ್ತಿತ್ತು. ಆ ಮೂಲೆಯಲ್ಲಿ ಕೂತವರಿಗೆ ಕಣ್ಣುರಿ, ಸಂಜೆ ತಲೆನೋವು ಮಾಮೂಲು. ಅದನ್ನು ಯಾರೂ ರೋಗವೆಂದು ಎಣಿಸಿರಲಿಲ್ಲ.

ಒಲೆಯ ಮುಂದೆ ಕೂತ ಎರಡನೆಯ ವಾರದಿಂದ ಮುನಿಗಂಗಪ್ಪನಿಗೆ ಕೂತಲ್ಲೇ ಸಣ್ಣದಾಗಿ ಎದೆ ಹಿಡಿಯತೊಡಗಿತು. ಅವನು ಯಾರಿಗೂ ಹೇಳಲಿಲ್ಲ. ಇದಕ್ಕಿಂತ ಹಗುರ ಕೆಲಸ ಶೆಡ್ಡಿನಲ್ಲಿ ಇರಲಿಲ್ಲ. ಇದೂ ಆಗದೆಂದರೆ ಇಬ್ಬರಿಗೂ ಜಾಗವಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೊರಗೆ ನೀರು ಕುಡಿಯಲು ಹೋದರೆ ಕಡಿಮೆಯಾಗುತ್ತಿತ್ತು. ಅವನು ಅದನ್ನು ನೀರಿನ ಗುಣ ಎಂದುಕೊಂಡ.

ಆ ಗುರುವಾರ ನೀರಿಗೂ ಏಳಲಾಗಲಿಲ್ಲ. ಬೆವರು ಸುರಿಯಿತು. ಓಬಳಮ್ಮ ಕೈಯಲ್ಲಿದ್ದ ಎಳೆ ಬಿಟ್ಟು ಎದ್ದಳು. ನಲ್ಲಪ್ಪ ತಮ್ಮ ಲೂನಾ ಮೊಪೆಡ್ ಓಡಿಸಿದರು, ಅವನನ್ನು ನಡುವೆ ಕೂರಿಸಿಕೊಂಡು ಬಯ್ಯಪ್ಪ ಹಿಂದೆ ಹಿಡಿದುಕೊಂಡ. ಅವಳು ಹಿಂದೆಯೇ ಓಡಿ ಬಂದಳು.

ಡಾಕ್ಟರ್ ಇಸಿಜಿ ಪಟ್ಟಿ ಎಳೆದು ನೋಡಿದರು. ಪಟ್ಟಿಯುದ್ದಕ್ಕೂ ಗೆರೆ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಕುಸಿದಿತ್ತು. ಹೃದಯದ ಒಳಪದರಕ್ಕೆ ಆಮ್ಲಜನಕ ಸಾಲದೆ ಹೋದರೆ ಹಾಗಾಗುತ್ತದೆ. ಆಸ್ಪಿರಿನ್ ಕೊಟ್ಟರು, ಚುಚ್ಚುಮದ್ದು ಕೊಟ್ಟರು, ಆಮ್ಲಜನಕದ ಮಾಸ್ಕ್ ಹಾಕಿದರು, ಬೆಂಗಳೂರಿಗೆ ಕಾರು ಹುಡುಕಲು ನಲ್ಲಪ್ಪನವರನ್ನು ಅಟ್ಟಿದರು. ಕೆಲಸ ಬಿಟ್ಟವನಿಗೆ ಇದು ಹೇಗಾಯಿತು ಎಂಬುದು ಅವರಿಗೆ ತಿಳಿಯಲಿಲ್ಲ.

"ಚಕ್ರ ತಿರುಗಿಸಿದನೇನಮ್ಮ? ನಿಜ ಹೇಳು."

"ಇಲ್ಲಮ್ಮ. ನೀವು ಹೇಳಿದ್ಮೇಲೆ ಮುಟ್ಟೇ ಇಲ್ಲ. ಕೂತೇ ಇರ್ತಾನೆ."

"ಎಲ್ಲಿ ಕೂತಿರ್ತಾನೆ?"

"ಒಲೆ ಮುಂದೆ."

ಡಾಕ್ಟರ್ ಅವಳ ಸೀರೆಯ ಸೆರಗನ್ನು ಹಿಡಿದು ಮೂಸಿದರು, ಬರೀ ಹೊಗೆಯ ವಾಸನೆ. ಆಮೇಲೆ ಮಾಸ್ಕಿನ ಗಾಳಿ ಇದ್ದಷ್ಟೂ ತೆರೆದರು.

ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗವನ್ನು ಅದು ಹಿಡಿದುಕೊಂಡುಬಿಡುತ್ತದೆ, ಉಳಿದ ಆಮ್ಲಜನಕವನ್ನೂ ರಕ್ತ ಸುಲಭವಾಗಿ ಬಿಟ್ಟುಕೊಡದಂತೆ ಮಾಡುತ್ತದೆ. ಅದೇ ಶೆಡ್ಡಿನಲ್ಲಿ ಅದೇ ಹೊಗೆ ಕುಡಿದ ಓಬಳಮ್ಮನಿಗೆ ತಲೆನೋವಷ್ಟೇ ಬರುತ್ತಿತ್ತು. ಅವಳ ಹೃದಯದ ನಾಳಗಳು ಅಗಲವಾಗಿ, ಕಡಿಮೆ ಬಿದ್ದದ್ದನ್ನು ಹೆಚ್ಚು ರಕ್ತದಿಂದ ತುಂಬಿಕೊಳ್ಳುತ್ತಿದ್ದವು. ಅವನ ಹೃದಯ ಬಂದದ್ದರಲ್ಲಿ ಮೊದಲೇ ಹೆಚ್ಚುಕಡಿಮೆ ಎಲ್ಲವನ್ನೂ ತೆಗೆದುಕೊಳ್ಳುತ್ತಿತ್ತು. ಇನ್ನಷ್ಟು ತೆಗೆಯುವಂತಿರಲಿಲ್ಲ, ಇನ್ನಷ್ಟು ರಕ್ತ ಬರುವಂತಿರಲಿಲ್ಲ. ಈಗ ಬರುವ ರಕ್ತವೇ ಬಡವಾಗಿತ್ತು. ಅವನು ಕೈಕಾಲು ಆಡಿಸದೆ ಕೂತಿದ್ದರೂ, ಎದೆಯ ಮಟ್ಟಿಗೆ ಅದು ಚಕ್ರ ತಿರುಗಿಸಿದಂತೆಯೇ ಆಗುತ್ತಿತ್ತು.

ಮಾಸ್ಕಿನಲ್ಲಿ ಅವನ ಮುಖ ಸ್ವಲ್ಪ ತಿಳಿಯಾಯಿತು. ನೋವು ತಗ್ಗಿದೆ ಎಂದು ಕೈಯಾಡಿಸಿ ತೋರಿಸಿದ. ಬಾಣಲೆಯಲ್ಲಿ ಗೂಡುಗಳು ಬೆಂದುಹೋಗುತ್ತವೆ, ನೀನು ಹೋಗು ಎಂದು ಹೆಂಡತಿಗೆ ತೆಲುಗಿನಲ್ಲಿ ಹೇಳಿದ. ಅವಳು ಹೋಗಲಿಲ್ಲ. ಕಾರು ಸಿಕ್ಕಿತೆಂದು ನಲ್ಲಪ್ಪ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಗ ಹಸಿದ ಹೃದಯ ತಾಳ ತಪ್ಪಿತು. ಬಡಿಯುವುದನ್ನು ಬಿಟ್ಟು ಬರಿದೇ ನಡುಗತೊಡಗಿತು. ಅದನ್ನು ಸರಿದಾರಿಗೆ ತರುವ ಶಾಕ್ ಯಂತ್ರ ಆ ಊರಿನಲ್ಲಿರಲಿಲ್ಲ. ಡಾಕ್ಟರ್ ತೋಳು ಸೋಲುವ ತನಕ ಎದೆ ಒತ್ತಿದರು, ಆಮೇಲೆ ಬಯ್ಯಪ್ಪನಿಗೆ ತೋರಿಸಿಕೊಟ್ಟು ಒತ್ತಿಸಿದರು. ಕಾರಿನ ಡ್ರೈವರ್ ಬಹಳ ಹೊತ್ತು ಇಂಜಿನ್ ನಿಲ್ಲಿಸದೆ ಕಾದ. ಕೊನೆಗೆ ತಾನಾಗಿಯೇ ನಿಲ್ಲಿಸಿದ.

ಮೂರನೆಯ ದಿನ ಡಾಕ್ಟರ್ ಶೆಡ್ಡಿಗೆ ಬಂದರು. ಒಲೆಯ ಮುಂದಿನ ಮಣೆಯ ಮೇಲೆ ತಾವೇ ಕೂತು ನೋಡಿದರು. ಕಣ್ಣಲ್ಲಿ ನೀರು ಬಂತು, ಅದು ಹೊಗೆಯದು ಎಂದು ನಲ್ಲಪ್ಪ ಸಮಾಧಾನ ಹೇಳಿದರು. ಕಿಟಕಿಯ ಗೋಣಿ ಬಿಚ್ಚಿಸಿ ಎಂದು ಡಾಕ್ಟರ್ ಕೇಳಿಕೊಂಡರು. ನಲ್ಲಪ್ಪ ಆಗಲೇ ಬಿಚ್ಚಿಸಿದರು. ಮಧ್ಯಾಹ್ನ ಗಾಳಿ ಎದ್ದು ಎಳೆಗಳು ಹರಿಯತೊಡಗಿದಾಗ ಯಾರೋ ಮತ್ತೆ ಕಟ್ಟಿದರು.

ಡಾಕ್ಟರ್ ಓಬಳಮ್ಮನ ಮನೆಗೆ ಹೋಗಿ ಅವಳನ್ನು ಮಾತಾಡಿಸಿದರು. ಅವಳು ಕೇಳಿದ್ದು ಒಂದೇ. ನೀವು ಹೇಳಿದಂತೆಯೇ ಮಾಡಿದೆವಲ್ಲ, ಎಲ್ಲಿ ತಪ್ಪಿದೆವು? ನೀವು ತಪ್ಪಲಿಲ್ಲ ಎಂದು ಡಾಕ್ಟರ್ ಹೇಳಿದರು. ಅದು ನಿಜವಾಗಿತ್ತು. ಆದರೆ ಅದರಿಂದ ಅವಳಿಗೆ ಏನೂ ಸಿಗಲಿಲ್ಲ. ಬಯ್ಯಪ್ಪನ ಹೆಂಡತಿ ಮರಳಿದರೆ ಓಬಳಮ್ಮ ಒಂಟಿ. ಅವಳ ಜೋಡಿಯ ಜಾಗಕ್ಕೆ ಆಗಲೇ ಮಂಚೇನಹಳ್ಳಿ ಕಡೆಯ ಗಂಡ ಹೆಂಡತಿ ಬಂದು ಕೇಳಿ ಹೋಗಿದ್ದರು.

ಕ್ಲಿನಿಕ್ಕಿಗೆ ಮರಳುವಾಗ ಡಾಕ್ಟರಿಗೆ ಹಿಂದಿನ ತಿಂಗಳು ಮುನಿಗಂಗಪ್ಪ ಮಾತ್ರೆಗೆಂದು ಬಂದದ್ದು ನೆನಪಾಯಿತು. ಅವನು ಬೀಡಿ ಬಿಟ್ಟದ್ದನ್ನು ಹೇಳಿಕೊಂಡಿದ್ದ. ಅವರು ಮೆಚ್ಚಿದ್ದರು. ಅದೇ ಖುಷಿಯಲ್ಲಿ, ಈಗ ದಿನಕ್ಕೆ ಎಷ್ಟು ಹೊತ್ತು ಸುಮ್ಮನೆ ಕೂತಿರ್ತೀಯಪ್ಪ ಎಂದು ಕೇಳಿದ್ದರು. ಎಲ್ಲಿ ಎಂದು ಕೇಳಿರಲಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿ, ಹೊರಗೆ ಕೂತವರಿಗೂ ಕೇಳಿಸುವಂತೆ ಹೇಳಿದ್ದ:

"ಹತ್ತು ಗಂಟೆ."