ಚೀಟಿ ಅಕ್ಕನ ಅರವತ್ತೊಂದು ತಪ್ಪು

ನಮ್ಮ ಧ್ವನಿ ಸಂಗ್ರಹಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಚೀಟಿ ಅಕ್ಕ ಎಂದೇ. ಇಪ್ಪತ್ತಾರು ವರ್ಷ ಒಂದೇ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಹಳೆಯ ಸುರುಳಿ ಟೇಪುಗಳಲ್ಲಿರುವ ಹಾಡಿಕೆ ಕೇಳಬೇಕು, ಇದು ಯಾವ ರಾಗ ಎಂದು ರಟ್ಟಿನ ಚೀಟಿಯಲ್ಲಿ ಬರೆಯಬೇಕು, ಬರೆದದ್ದನ್ನು ಉದ್ದನೆಯ ಮರದ ಖಾನೆಗೆ ಸೇರಿಸಬೇಕು. ಬರೆಯುವುದು ಪೆನ್ಸಿಲಿನಲ್ಲಿ. ಪೆನ್ನೇಕೆ ಬೇಡ ಎಂದು ಒಮ್ಮೆ ಕೇಳಿದ್ದೆ.

"ರಾಗ ಬದಲಾಗಲ್ಲ ಕಣಪ್ಪ. ನನ್ನ ಕಿವಿ ತಪ್ಪಬಹುದು," ಎಂದಿದ್ದಳು.

ಚಿಕ್ಕಂದಿನಿಂದ ಇಪ್ಪತ್ತರವರೆಗೆ ಸೋದರತ್ತೆಯ ಹತ್ತಿರ ಹಾಡು ಕಲಿತವಳು. ಕಛೇರಿ ಕೊಡಬೇಕೆಂಬ ಹೊತ್ತಿಗೆ ಕುತ್ತಿಗೆಗೆ ಆಪರೇಷನ್ ಆಗಿ ದನಿ ಪಿಸುಮಾತಿಗಿಳಿಯಿತು. "ಗಂಟಲು ಹೋಯ್ತು, ಕಿವಿ ಹೋಗಿಲ್ಲವಲ್ಲ," ಎಂದುಕೊಂಡು ನಮ್ಮಲ್ಲಿಗೆ ಬಂದಳಂತೆ. ಅದನ್ನೂ ಅಳುತ್ತ ಹೇಳಿದವಳಲ್ಲ, ಊಟದ ಡಬ್ಬಿ ತೊಳೆಯುತ್ತ ಹೇಳಿದಳು.

ನಾನು ಟೇಪಿನವನು. ಸುರುಳಿಯಲ್ಲಿರುವ ಸದ್ದನ್ನು ಕಂಪ್ಯೂಟರಿಗೆ ಇಳಿಸಿ, ಕರಕರ, ಗುಂಯ್ ಎನ್ನುವುದನ್ನೆಲ್ಲ ತೆಗೆದು ಶುದ್ಧ ಮಾಡುವವನು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ನಾನು ಅನುಮಾನದ ಪಿಂಡ. ಹಾಲಿನವನು ಎರಡು ನಿಮಿಷ ತಡ ಮಾಡಿದರೆ ನೀರು ಬೆರೆಸುತ್ತಿದ್ದ ಎಂದೇ ನನ್ನ ತೀರ್ಮಾನ. "ನಿಮಗೆ ಕಾಮಾಲೆ ಕಣ್ಣು, ಕಂಡಿದ್ದೆಲ್ಲ ಹಳದಿ," ಎನ್ನುತ್ತಾಳೆ ಹೆಂಡತಿ.

ಹೀಗಿರುವಾಗ ನಿರ್ದೇಶಕರು ಒಬ್ಬಾಕೆಯನ್ನು ಕರೆತಂದರು. ಮೂವತ್ತು ದಾಟಿದ ಇಂಜಿನಿಯರು, ಕೈಯಲ್ಲೊಂದು ಲ್ಯಾಪ್‌ಟಾಪು. ಎರಡೇ ದಿನದಲ್ಲಿ ನಾವು ಆಕೆಗೆ ಗ್ರಾಫಮ್ಮ ಎಂದು ಹೆಸರಿಟ್ಟೆವು. ಹಾಡಿಕೆಯ ತುಣುಕು ಕೊಟ್ಟರೆ ಆಕೆಯ ಯಂತ್ರ ರಾಗ ಹೇಳುತ್ತದಂತೆ. ಮೊದಲು ಹಾಡಿದವರ ಆಧಾರ ಷಡ್ಜ, ಅಂದರೆ 'ಸ', ಎಲ್ಲಿದೆ ಎಂದು ಹುಡುಕುತ್ತದೆ. ಆಮೇಲೆ ದನಿ ಕ್ಷಣಕ್ಷಣಕ್ಕೂ ಆ 'ಸ'ದಿಂದ ಎಷ್ಟು ಮೇಲೆ ನಿಂತಿದೆ ಎಂದು ಅಳೆಯುತ್ತದೆ. ಯಾವ ಎತ್ತರದಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ಕೂಡಿ ಗುಡ್ಡಗಳ ಸಾಲಿನಂಥ ಚಿತ್ರ ಬರೆಯುತ್ತದೆ. ಅದಕ್ಕೆ ಹಿಸ್ಟೋಗ್ರಾಂ ಎನ್ನುತ್ತಾರೆ. ಒಂದೊಂದು ರಾಗಕ್ಕೂ ಒಂದೊಂದು ಮಾದರಿ ಚಿತ್ರ ಇಟ್ಟುಕೊಂಡು, ಯಾವುದಕ್ಕೆ ಹೋಲುತ್ತದೋ ಆ ಹೆಸರು ಹೇಳುತ್ತದೆ.

"ಸೆಕೆಂಡಿಗೆ ನೂರು ಸಲ ಅಳೆಯತ್ತೆ ಸರ್," ಎಂದಳು ಗ್ರಾಫಮ್ಮ, ಹೆತ್ತ ಮಗುವನ್ನು ಹೊಗಳುವವರ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ.

ಪರೀಕ್ಷೆಗೆಂದು ಮುನ್ನೂರು ಸುರುಳಿಗಳಿಂದ ಒಂದೊಂದು ಸಣ್ಣ ತುಣುಕು ಕತ್ತರಿಸಿ ಕೊಡುವ ಕೆಲಸ ನನಗೆ ಬಂತು. ಎರಡು ವಾರ ಕೂತು ಕತ್ತರಿಸಿದೆ, ಕನ್ನಡಿಯ ಹಾಗೆ ಶುದ್ಧ ಮಾಡಿದೆ. ಕೊಡುವ ಮೊದಲು ಚೀಟಿ ಅಕ್ಕನಿಗೂ ಒಂದೆರಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು.

"ತುಂಬಾ ಶುದ್ಧವಾಗಿದೆಯಪ್ಪ. ಇಷ್ಟು ಶುದ್ಧ ಬೇಕಿತ್ತಾ?"

ಹೊಗಳಿದಳೆಂದು ಬೀಗಿದೆ.

ಫಲಿತಾಂಶ ಬಂತು. ಮುನ್ನೂರರಲ್ಲಿ ಅರವತ್ತೊಂದು ಕಡೆ ಯಂತ್ರ ಹೇಳುವುದೇ ಒಂದು, ಚೀಟಿ ಹೇಳುವುದೇ ಒಂದು. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐದರಲ್ಲೊಂದು ತಪ್ಪು! ಇವರು ಕೇಳಿ ಬರೀತಿದ್ರೋ, ಕೇಳದೇ ಬರೀತಿದ್ರೋ?"

ಚೀಟಿ ಅಕ್ಕ ಎದುರಿಗೇ ನಿಂತಿದ್ದಳು. ಸೋಮವಾರ ಎಲ್ಲರೂ ಕೂತು ಪರಿಶೀಲಿಸುವುದೆಂದು ತೀರ್ಮಾನವಾಯಿತು. ತಪ್ಪು ಅಕ್ಕನದಾದರೆ ನಾಲ್ಕು ಸಾವಿರ ಚೀಟಿಗಳನ್ನೂ ರದ್ದಿಗೆ ಹಾಕಿ ಯಂತ್ರ ಹೇಳಿದ ಹೆಸರನ್ನೇ ದಾಖಲಿಸುವುದು. ಅಕ್ಕ ಕೆಳಗಿನ ಕೌಂಟರಿನಲ್ಲಿ ಬಂದವರ ಬ್ಯಾಗು ಇಸಿದುಕೊಂಡು ಟೋಕನ್ ಕೊಡುವುದು. ಅಯ್ಯೋ, ಆ ಕಿವಿಗೆ ಟೋಕನ್ ಕೆಲಸವೇ!

ಮೊದಲು ನನ್ನ ಅನುಮಾನ ಗ್ರಾಫಮ್ಮನ ಮೇಲೆ. ಯಂತ್ರ ಮಾರಲು ಬಂದವಳು, ಬೇಕೆಂದೇ ಲೆಕ್ಕ ತಿರುಚಿರಬೇಕು. ಕಾಫಿ ಕೊಡುವ ನೆಪದಲ್ಲಿ ಹಿಂದೆ ನಿಂತು ನೋಡಿದೆ. ಆಕೆಯೂ ತಲೆ ಕೆಡಿಸಿಕೊಂಡಿದ್ದಳು.

"ಅಣ್ಣ, ಸುರುಳಿ ಓಡಿಸೋವಾಗ ವೇಗ ಹೆಚ್ಚು ಕಮ್ಮಿ ಆಗಿತ್ತಾ?"

ನನಗೆ ಮೈಯೆಲ್ಲ ಉರಿಯಿತು. "ನನ್ನ ಯಂತ್ರದ ವೇಗ ಗೋಡೆ ಗಡಿಯಾರಕ್ಕಿಂತ ನೆಟ್ಟಗಿದೆ!"

"ಬೇಜಾರಾಗಬೇಡಿ. ಪೂರ್ತಿ ಒಂದೇ ಸಮ ಜೋರಾಗಿ ಓಡಿದ್ರೂ ತೊಂದರೆ ಇಲ್ಲ. 'ಸ'ನೂ ಏರತ್ತೆ, ಮಿಕ್ಕಿದ್ದೂ ಅಷ್ಟೇ ಏರತ್ತೆ. ಮಧ್ಯದಲ್ಲಿ ಅಲುಗಾಡಿದ್ರೆ ಮಾತ್ರ ಕಷ್ಟ."

ಮಾತು ನ್ಯಾಯವಾಗಿತ್ತು. ಆದರೂ ನನ್ನ ಮೇಲೇ ಬೆರಳು ತೋರಿಸಿದಳಲ್ಲ ಎಂಬ ಸಿಟ್ಟು ಇಳಿಯಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ಅದಕ್ಕಿಂತ ಕೆಟ್ಟದ್ದನ್ನು ಕಂಡೆ. ಖಾಲಿ ಕೋಣೆಯಲ್ಲಿ ಚೀಟಿ ಅಕ್ಕ ಖಾನೆ ಎಳೆದುಕೊಂಡು ಕೂತಿದ್ದಳು. ಒಂದು ಕೈಯಲ್ಲಿ ಯಂತ್ರದ ಪಟ್ಟಿ, ಇನ್ನೊಂದರಲ್ಲಿ ರಬ್ಬರು. ಚೀಟಿಯೊಂದನ್ನು ಅಳಿಸುತ್ತಿದ್ದಳು! ನನ್ನನ್ನು ಕಂಡು ಖಾನೆ ತಳ್ಳಿ ಮುಚ್ಚಿದಳು.

"ಊಟ ಆಯ್ತಾ?" ಎಂದಳು.

ನಾನು ಅಲ್ಲಿಂದ ಹೊರಟುಬಿಟ್ಟೆ. ಯಂತ್ರ ಹೇಳಿದಂತೆ ಚೀಟಿ ತಿದ್ದುತ್ತಿದ್ದಾಳೆ ಎಂದರೆ ಅರ್ಥವೇನು? ಇಪ್ಪತ್ತಾರು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ದಾಳೆ ಎಂದೇ ಅಲ್ಲವೇ? ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಪೆನ್ಸಿಲಿನಲ್ಲಿ ಬರೆಯುವುದರ ಗುಟ್ಟು ಇದೇ ಇರಬೇಕು ಎನಿಸಿ ಅವಳ ಮೇಲಿನ ಗೌರವವೆಲ್ಲ ಹುಳಿಯಾಯಿತು.

ಸೋಮವಾರ ಕೇಳುವ ಕೋಣೆಯಲ್ಲಿ ನಾಲ್ವರೂ ಕೂತೆವು. ಗ್ರಾಫಮ್ಮ ಮೊದಲ ತುಣುಕು ಹಾಕಿದಳು. ತೆರೆಯ ಮೇಲೆ ಐದು ಗುಡ್ಡ ಎದ್ದವು.

"ಐದು ಸ್ವರ. ಚೀಟಿಯಲ್ಲಿ ಮೋಹನ ಅಂತಿದೆ. ಯಂತ್ರ ಶುದ್ಧ ಸಾವೇರಿ ಅಂತಿದೆ."

"ನಿಮ್ಮ ಯಂತ್ರ 'ಸ' ಅನ್ನೋದು ಯಾವುದನ್ನ? ಆ ಸ್ವರ ಒಂದನ್ನೇ ನುಡಿಸಿ," ಎಂದಳು ಚೀಟಿ ಅಕ್ಕ.

ಗ್ರಾಫಮ್ಮ ಎತ್ತರದ ಗುಡ್ಡದ ಮೇಲೆ ಒತ್ತಿದಳು. ಉದ್ದನೆಯ ಸ್ವರ ಕೇಳಿತು.

"ಅದು 'ಪ'," ಎಂದಳು ಅಕ್ಕ. "ಹಾಡಿದಾತ ಪಂಚಮದಲ್ಲಿ ಹೆಚ್ಚು ಹೊತ್ತು ನಿಂತಿದಾನೆ, ನಿಮ್ಮ ಯಂತ್ರ ಅದನ್ನೇ ಮನೆ ಅಂದ್ಕೊಂಡಿದೆ. ಮೋಹನದ 'ಪ'ನ 'ಸ' ಅಂದ್ರೆ ಅವೇ ಐದು ಸ್ವರ ಶುದ್ಧ ಸಾವೇರಿ ಆಗತ್ತೆ."

ಗ್ರಾಫಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಹೌದು ಸರ್, ಹಾಗಾಗತ್ತೆ. 'ಸ' ತಪ್ಪಿದ್ರೆ ಎಲ್ಲವೂ ತಪ್ಪು. ಆದ್ರೆ ಈ ತುಣುಕಿನಲ್ಲಿ ಹಾಡಿನ ದನಿ ಬಿಟ್ರೆ ಬೇರೇನೂ ಇಲ್ವಲ್ಲ, 'ಸ' ಯಾವುದು ಅಂತ ಹೇಳೋಕೆ?"

"ನನಗೆ ಚೀಟಿ ಅಕ್ಕನ ಬಾಯಿಮಾತು ಬೇಡ, ಸಾಕ್ಷಿ ಬೇಕು," ಎಂದರು ನಿರ್ದೇಶಕರು.

ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು: "ಮೂಲ ಸುರುಳಿ ಹಾಕಿ. ನಾನು ಚೀಟಿ ಬರೆದದ್ದು ಅದನ್ನ ಕೇಳಿ."

ಮೂಲ ಸುರುಳಿ ಶುರುವಾಗುವುದು ಹೇಗೆ ಎಂದು ನನಗೆ ಗೊತ್ತಿತ್ತು. ಮೊದಲ ಹತ್ತು ಸೆಕೆಂಡು ಹಾಡಿಕೆ ಇರುವುದಿಲ್ಲ, ದೂರದಲ್ಲಿ ತಂಬೂರಿ ಮಾತ್ರ ಸಣ್ಣಗೆ ಮಿಡಿಯುತ್ತಿರುತ್ತದೆ. ಶುದ್ಧ ಮಾಡುವ ಸಾಫ್ಟ್‌ವೇರಿಗೆ ಮೊದಲು ಕಸದ ಮಾದರಿ ತೋರಿಸಬೇಕು. ಹಾಡಿಕೆ ಇಲ್ಲದ ಜಾಗ ಆರಿಸಿ 'ಇದೇ ಕಸ' ಎಂದರೆ, ಇಡೀ ಟೇಪಿನಿಂದ ಅಂಥ ಸದ್ದನ್ನೆಲ್ಲ ಅದು ಗುಡಿಸಿಹಾಕುತ್ತದೆ. ನಾನು ಸುರುಳಿ ಸುರುಳಿಗೂ ಆರಿಸಿದ್ದು ಆ ಮೊದಲ ಹತ್ತು ಸೆಕೆಂಡನ್ನೇ. 'ಸ' ಯಾವುದೆಂದು ತೋರಿಸುವ ತಂಬೂರಿಯನ್ನೇ ಕಸವೆಂದು ಗುಡಿಸಿದ್ದೆ. ಅದು ಮಿಡಿಯುವ 'ಸ', 'ಪ'ಗಳ ಎತ್ತರದಲ್ಲಿ ಹಾಡುಗಾರ ಮೆಲ್ಲಗೆ ಹಾಡಿದ್ದರೆ ಆ ದನಿಯೂ ಅರ್ಧ ಸವೆದುಹೋಗಿರುತ್ತದೆ. ಇಲ್ಲಿ 'ಪ' ಜೋರಾಗಿ ಹಾಡಿದ್ದಕ್ಕೆ ಉಳಿದಿತ್ತು, ಮೆಲ್ಲಗೆ ಬಂದ 'ಸ' ಸವೆದಿತ್ತು.

"ಮೂಲ ಸುರುಳಿ ಮುಟ್ಟೋ ಹಾಗಿಲ್ಲ," ಎಂದು ನನ್ನ ಬಾಯಿ ತಾನಾಗಿ ಹೇಳಿತು. "ಹಳೇದು. ಹರಿದುಹೋಗತ್ತೆ."

ಗ್ರಾಫಮ್ಮ ನನ್ನ ಕಡೆ ನೋಡಿದಳು. ನಿರ್ದೇಶಕರೂ ನೋಡಿದರು. ಚೀಟಿ ಅಕ್ಕ ಮಾತ್ರ ನೋಡಲಿಲ್ಲ, ಕೈಯಲ್ಲಿದ್ದ ಪೆನ್ಸಿಲನ್ನು ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. ನಿರ್ದೇಶಕರು "ಸರಿ, ಹಾಗಾದ್ರೆ ಯಂತ್ರ ಹೇಳಿದ್ದೇ..." ಎಂದು ಫೈಲು ಎಳೆದುಕೊಂಡರು.

"ತಡೀರಿ ಸರ್," ಎಂದೆ. "ತಂಬೂರಿ ಅಳಿಸಿದ್ದು ನಾನು."

ಸುರುಳಿ ಹಾಕಿದೆ. ತಂಬೂರಿ ಮಿಡಿಯಿತು. ಗ್ರಾಫಮ್ಮ ಅದನ್ನೇ ಯಂತ್ರಕ್ಕೆ ಕೊಟ್ಟಳು, ಮೋಹನ ಎಂದು ಬಂತು. ಮೂರು ದಿನ ಕೂತು ಅರವತ್ತೊಂದನ್ನೂ ಶುದ್ಧ ಮಾಡದೆ ಮತ್ತೆ ಇಳಿಸಿದೆ. ನಲವತ್ತಮೂರು ಚೀಟಿಗೆ ಸರಿಹೊಂದಿದವು.

ಹದಿನೇಳು ಹೊಂದಲಿಲ್ಲ. ಆರಭಿ, ದೇವಗಾಂಧಾರಿಯಂಥ ಅವಳಿ ರಾಗಗಳು ಅವು. ಏರುವ ಸ್ವರ ಅವೇ, ಇಳಿಯುವ ಸ್ವರ ಅವೇ, ಗುಡ್ಡಗಳೂ ಹೆಚ್ಚುಕಮ್ಮಿ ಅವೇ. ಚೀಟಿ ಅಕ್ಕ ತನ್ನ ಪಿಸುದನಿಯಲ್ಲೇ ಎರಡನ್ನೂ ಹಾಡಿ ತೋರಿಸಿದಳು. ಒಂದು ನೇರವಾಗಿ, ಚುರುಕಾಗಿ ನಡೆಯಿತು. ಇನ್ನೊಂದು ನಿಧಾನವಾಗಿ, ಸ್ವರವನ್ನು ತೂಗುತ್ತ ಬಂತು. ಆ ಒಡೆದ ದನಿಯಲ್ಲೂ ನನಗೇ ವ್ಯತ್ಯಾಸ ತಿಳಿಯಿತು.

"ಎಲ್ಲಿ ಎಷ್ಟು ಹೊತ್ತು ನಿಂತ್ರು ಅಂತ ನನ್ನದು ಹೇಳತ್ತೆ," ಎಂದಳು ಗ್ರಾಫಮ್ಮ. "ಯಾವ ದಾರೀಲಿ, ಹೇಗೆ ಬಂದ್ರು ಅಂತ ಹೇಳಲ್ಲ. ಸ್ವರ ತೂಗಿದ್ರಂತೂ ಗುಡ್ಡವೇ ಹರಡಿಹೋಗತ್ತೆ. ಅದೂ ಇಷ್ಟು ಚಿಕ್ಕ ತುಣುಕಲ್ಲಿ ಏನು ತಾನೆ ಸಿಗತ್ತೆ?"

ನಲವತ್ತಮೂರು, ಹದಿನೇಳು. ಅರವತ್ತಾಯಿತು. ಇನ್ನೊಂದು?

ಚೀಟಿ ಅಕ್ಕ ಖಾನೆಯಿಂದ ಒಂದು ಚೀಟಿ ತೆಗೆದು ನಿರ್ದೇಶಕರ ಮುಂದಿಟ್ಟಳು. ಶುಕ್ರವಾರ ಅಳಿಸುತ್ತಿದ್ದದ್ದು ಅದೇ.

"ಇದು ನನ್ನ ತಪ್ಪು. ಮಧ್ಯಮಾವತಿ ಅಂತ ಬರ್ದಿದ್ದೆ. ಅದಕ್ಕೆ ಒಂದೇ ನಿಷಾದ. ಯಂತ್ರ ಎರಡು ಥರದ 'ನಿ' ಇದೆ ಅಂತು, ಮತ್ತೆ ಕೇಳಿದೆ, ಇದೆ. ಬೃಂದಾವನ ಸಾರಂಗ. ಆವತ್ತು ಜ್ವರ ಇತ್ತು, ಆದ್ರೆ ಅದು ನೆಪ ಆಗಲ್ಲ."

ನಿರ್ದೇಶಕರು ಚೀಟಿಯನ್ನು ಹಿಂದುಮುಂದು ನೋಡಿ ವಾಪಸು ಕೊಟ್ಟರು. ಚೀಟಿಗಳು ಖಾನೆಯಲ್ಲೇ ಉಳಿಯುತ್ತವೆ, ಇನ್ನು ಮುಂದೆ ಅಕ್ಕ ಮತ್ತು ಯಂತ್ರ ಇಬ್ಬರ ಮಾತನ್ನೂ ಪಕ್ಕಪಕ್ಕದಲ್ಲಿ ಬರೆಯುವುದು ಎಂದರು. ಬ್ಯಾಗು, ಟೋಕನ್ನಿನ ಮಾತು ಮತ್ತೆ ಎತ್ತಲಿಲ್ಲ.

ನಿರ್ದೇಶಕರೂ ಗ್ರಾಫಮ್ಮನೂ ಹೋದ ಮೇಲೆ ನಾನು ತಲೆ ತಗ್ಗಿಸಿ ನಿಂತೆ.

"ಅಕ್ಕ, ತುಂಬಾ ಶುದ್ಧವಾಗಿದೆ ಅಂದ್ರಲ್ಲ ಆವತ್ತು. ಆಗಲೇ ಗೊತ್ತಾಗಿತ್ತಾ?"

"ತಂಬೂರಿ ಇಲ್ಲ ಅನ್ನೋದು ಗೊತ್ತಾಗದೇ ಇರತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ನಿಮ್ಮ ಕೆಲಸವೇ ಹೋಗ್ತಿತ್ತು!"

"ಇಷ್ಟು ಶುದ್ಧ ಬೇಕಿತ್ತಾ ಅಂತ ಕೇಳಿದ್ನಲ್ಲಪ್ಪ," ಎಂದಳು. "ನೀನು ನಕ್ಕೊಂಡು ಹೋದೆ."

ಆಮೇಲೆ ಪೆನ್ಸಿಲು ತೆಗೆದುಕೊಂಡು ಮೋಹನದ ಚೀಟಿಯ ಕೆಳಗೆ ಒಂದು ಸಾಲು ಸೇರಿಸಿದಳು: 'ಪ್ರತಿಯಲ್ಲಿ ತಂಬೂರಿ ಇಲ್ಲ. ಮೂಲದಲ್ಲಿದೆ.' ಅಳಿಸಿದವರ ಹೆಸರು ಬರೆಯಲಿಲ್ಲ. ನಾನು ಪೆನ್ಸಿಲು ಇಸಿದುಕೊಂಡು ಅದರ ಪಕ್ಕದಲ್ಲಿ ನನ್ನ ಹೆಸರು ಬರೆದೆ.