ಮೂರು ದಿನದ ನೋಟಿಸು

ವಿಮಾ ಕಚೇರಿಯ ಎರಡನೇ ಮಹಡಿಯಲ್ಲಿ ಅವರನ್ನು ಎಲ್ಲರೂ ಒದ್ದೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಡಗಿನಲ್ಲಿ ಬಂದ ಸರಕು ನೀರು ಕುಡಿದಿದ್ದರೆ ಆ ಫೈಲು ಅವರ ಮೇಜಿಗೇ ಬರಬೇಕು. ವಯಸ್ಸಿನಲ್ಲಿದ್ದಾಗ ಅವರು ಸರಕಿನ ಹಾನಿ ಪರೀಕ್ಷಿಸುವ ಸರ್ವೇಯರ್ ಒಬ್ಬರ ಕೈಕೆಳಗೆ ಬಂದರಿನಲ್ಲಿ ದುಡಿದವರು. ಕಂಟೇನರಿನೊಳಗೆ ನುಗ್ಗಿ, ಬಾಗಿಲು ಮುಚ್ಚಿಸಿಕೊಂಡು, ಎಲ್ಲಿಂದ ಬೆಳಕು ತೂರುತ್ತದೆ, ನೀರು ನುಗ್ಗುವ ತೂತು ಎಲ್ಲಿದೆ ಎಂದು ನೋಡುವುದು ಅವರ ಕೆಲಸವಾಗಿತ್ತು. ಒಮ್ಮೆ ಏಣಿಯಿಂದ ಬಿದ್ದು ಸೊಂಟ ಕೈಕೊಟ್ಟ ಮೇಲೆ ಕುರ್ಚಿಯ ಕೆಲಸಕ್ಕೆ ಬಂದರು. ಬಂದವರು ಅಲ್ಲೇ ತಲೆ ನೆರೆಸಿದರು.

ವಿಭಾಗದ ಮ್ಯಾನೇಜರು ಅವರಿಗಿಂತ ಬಹಳ ಚಿಕ್ಕವರು, ಆದರೆ ಕೆಲಸ ಬಲ್ಲ ಹೆಂಗಸು. ಒಂದು ಸೋಮವಾರ ಅವರು ಮೇಷ್ಟ್ರನ್ನು ಒಳಗೆ ಕರೆದರು.

"ಕೂತ್ಕೊಳ್ಳಿ ಮೇಷ್ಟ್ರೇ. ಹೆಡ್ ಆಫೀಸಿನವರು ಕೆಂಡ ಕಾರ್ತಿದ್ದಾರೆ. ನಾವು ಗಿರಾಕಿಗೆ ಕ್ಲೇಮ್ ಕೊಟ್ಟುಬಿಡ್ತೀವಿ, ಆಮೇಲೆ ಹಡಗು ಕಂಪನಿ ಹತ್ರ ವಸೂಲಿಗೆ ಹೋದ್ರೆ ಕೈಯಲ್ಲಿ ಒಂದು ಕಾಗದ ಇರಲ್ಲ. ಹಿಂಗೇ ಆದ್ರೆ ನಮ್ಮ ವಿಭಾಗಾನೇ ಮುಚ್ಚಿ, ಎಲ್ಲಾ ಫೈಲೂ ಅಲ್ಲಿಗೇ ತರಿಸ್ಕೊಳ್ತಾರಂತೆ."

ಮಾತು ಸುಳ್ಳಲ್ಲ. ಮೇಷ್ಟ್ರು ಅಂದೇ ಕೂತು ಮೆಮೊ ಬರೆದರು. ಸಹೋದ್ಯೋಗಿಗಳ ಗಮನಕ್ಕೆ: ಇನ್ನು ಮುಂದೆ ಪ್ರತಿ ಸರಕು ನಷ್ಟದ ಫೈಲಿನಲ್ಲಿ ವಿಮಾ ಪ್ರಮಾಣಪತ್ರ, ಹಡಗಿನವರು ಕೊಟ್ಟ ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಸರ್ವೇಯರ್ ವರದಿ, ಕಂಟೇನರಿನ ಸೀಲಿನ ಫೋಟೊ ಇರಬೇಕು; ಸರಕು ಇಳಿಸಿಕೊಂಡ ರಶೀದಿಯಲ್ಲಿ ಹಾನಿಯ ಷರಾ ಇರಬೇಕು; ಹಾನಿ ಹೊರಗೆ ಕಾಣದಿದ್ದರೆ ಸರಕು ಕೈಸೇರಿದ ಮೂರು ದಿನದೊಳಗೆ ಹಡಗು ಕಂಪನಿಗೆ ಲಿಖಿತ ನೋಟಿಸು ಹೋಗಿರಬೇಕು. ಒಂದು ಕಡಿಮೆಯಿದ್ದರೂ ಫೈಲು ಗಿರಾಕಿಗೆ ವಾಪಸು. ಈಗಾಗಲೇ ತೆರೆದಿರುವ ಫೈಲುಗಳಿಗೂ ಇದೇ ನಿಯಮ. ಕೊನೆಯ ವಾಕ್ಯ ಹೆಡ್ ಆಫೀಸಿನದು. ಮೇಷ್ಟ್ರು ಅದನ್ನು ಎರಡನೇ ಸಲ ಓದದೆ ಎಲ್ಲರಿಗೂ ಕಳಿಸಿಬಿಟ್ಟರು.

ಮರುದಿನ ಪಕ್ಕದ ಮೇಜಿನ ಸಹೋದ್ಯೋಗಿ ಒಂದು ಫೈಲು ಹಿಡಿದು ಬಂದಳು. ಅವಳ ಮುಖ ಸಪ್ಪಗಿತ್ತು.

"ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ವಾಪಸ್ ಹೋಗ್ಬೇಕಾದ ಮೊದಲನೇ ಫೈಲು ನಿಮ್ಮದೇ. ಕಾಲಿನ ಕಾರ್ಖಾನೆಯವರದ್ದು."

ಕಾಲಿನ ಕಾರ್ಖಾನೆ ಎಂದರೆ ಊರಂಚಿನ ಒಂದು ಶೆಡ್ಡು. ಅಲ್ಲಿ ಒಬ್ಬ ಹೆಂಗಸು ನಾಲ್ಕೈದು ಜನರನ್ನಿಟ್ಟುಕೊಂಡು ಕೃತಕ ಕಾಲು ಮಾಡಿಕೊಡುತ್ತಿದ್ದಳು. ಮಂಡಿಯ ಕೀಲು, ಪಾದ, ಒಳಗಿನ ಮೆತ್ತೆ ಎಲ್ಲವೂ ಹೊರದೇಶದಿಂದ ಬರಬೇಕು. ಈ ಸಲ ಕಂಟೇನರು ಬಂದ ದಿನ ಅವಳು ಆಸ್ಪತ್ರೆಯಲ್ಲಿದ್ದಳು, ತಾಯಿಯ ಹಾಸಿಗೆಯ ಪಕ್ಕದಲ್ಲಿ. ಶೆಡ್ಡಿನ ಕಾವಲುಗಾರ ಪೆಟ್ಟಿಗೆಗಳನ್ನು ಇಳಿಸಿಕೊಂಡು, ತೋರಿಸಿದ ಕಡೆ ಸಹಿ ಹಾಕಿದ. ಷರಾ ಇಲ್ಲದ ಶುದ್ಧ ರಶೀದಿ. ತಾಯಿ ತೀರಿಕೊಂಡ ಮೇಲೆ, ಎರಡನೇ ವಾರದಲ್ಲಿ ಅವಳು ಬಂದು ಪೆಟ್ಟಿಗೆ ಬಿಚ್ಚಿದರೆ ಕೀಲುಗಳೆಲ್ಲ ತುಕ್ಕು, ಮೆತ್ತೆಗಳು ಕೊಳೆತ ನಾತ. ಸರ್ವೇಯರ್ ಬಂದು ಸಿಲ್ವರ್ ನೈಟ್ರೇಟ್ ಹನಿ ಹಾಕಿದ. ಹಾಲಿನಂತೆ ಬೆಳ್ಳಗಾಯಿತು. ಉಪ್ಪುನೀರು. ಮಳೆಯದಲ್ಲ, ಕಡಲಿನದು.

ಮೇಷ್ಟ್ರು ಫೋನ್ ಮಾಡುವ ಮೊದಲೇ ಶೆಡ್ಡಿನ ಹೆಂಗಸೇ ಕಚೇರಿಗೆ ಬಂದಳು. ಮೇಷ್ಟ್ರು ನಿಯಮ ಹೇಳಿದರು.

"ಮೂರು ದಿನ ಅಂತ ನಂಗ್ಯಾರು ಹೇಳಿದ್ರು ಸಾರ್?"

"ಪಾಲಿಸಿ ಹಿಂದೆ ಬರೆದಿರತ್ತಮ್ಮ."

"ಆ ಮೂರು ದಿನ ನಾನು ಅಮ್ಮನ ಬಾಯಿಗೆ ಚಮಚದಲ್ಲಿ ನೀರು ಹಾಕ್ತಿದ್ದೆ. ಪಾಲಿಸಿ ತಿರುಗಿಸಿ ನೋಡ್ತಾ ಕೂರ್ಲಾ?"

ಅವಳು ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು.

ಅವರು ಮೊದಲು ಹಡಗು ಕಂಪನಿಯ ಕಚೇರಿಗೆ ಹೋದರು. ಕೌಂಟರಿನವನು ರಶೀದಿ ತೆಗೆದು ತೋರಿಸಿದ. "ನಿಮ್ಮ ಗಿರಾಕಿ ಸರಿಯಾಗಿದೆ ಅಂತ ಸಹಿ ಹಾಕಿದ್ದಾರೆ. ಇನ್ನೇನ್ ಬೇಕು?" ಅಲ್ಲಿಂದ ಕಂಟೇನರ್ ಯಾರ್ಡಿಗೆ ಹೋದರು. ಬಂದರಿನ ಗೇಟು ದಾಟುವಾಗ ಬರೆದ ಚೀಟಿಯಲ್ಲಿ ಕಂಟೇನರು ಚೆನ್ನಾಗಿದೆ ಎಂದೇ ಇತ್ತು. ಖಾಲಿ ಕಂಟೇನರನ್ನು ಒಮ್ಮೆ ನೋಡುತ್ತೇನೆ ಎಂದರು. ಯಾರ್ಡಿನ ಗುಮಾಸ್ತ ನಕ್ಕ. "ಸ್ವಾಮಿ, ಅದು ಬೇರೆ ಹಡಗು ಹತ್ತಿ ಎಷ್ಟೋ ದಿನ ಆಯ್ತು." ಎಲ್ಲಿಂದ ನೀರು ನುಗ್ಗಿತೋ ಆ ತೂತನ್ನು ನೋಡುವ ದಾರಿ ಅಲ್ಲಿಗೆ ಮುಚ್ಚಿತು. ಬಿಸಿಲಲ್ಲಿ ಸಾಲುಸಾಲಾಗಿ ಪೇರಿಸಿಟ್ಟ ಪೆಟ್ಟಿಗೆಗಳ ನಡುವೆ ಮೇಷ್ಟ್ರು ಸೊಂಟ ಹಿಡಿದುಕೊಂಡು ಗೇಟಿನತ್ತ ನಡೆದರು.

ವಾಪಸು ಬರುತ್ತ ಶೆಡ್ಡಿಗೆ ಹೋದರು. ಬೆಂಚಿನ ಮೇಲೆ ಕಾಯುತ್ತ ಕೂತವರಿದ್ದರು. ಒಬ್ಬ ಬಸ್ ಕಂಡಕ್ಟರು, ಮಂಡಿಯ ಕೆಳಗೆ ಪ್ಯಾಂಟು ಮಡಚಿ ಪಿನ್ನು ಹಾಕಿಕೊಂಡಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಲ್ಲಲು ಹೋದಾಗ ಊರುಗೋಲು ಜಾರಿತು.

"ನೀವು ವಿಮೆಯವರಾ ಸಾರ್? ಕಾಲು ಬಂತಾ?"

"ಇಲ್ಲಪ್ಪ. ನೋಡ್ತಿದ್ದೀವಿ."

"ಬೇಗ ನೋಡಿ ಸಾರ್. ಈ ತಿಂಗಳೊಳಗೆ ಡ್ಯೂಟಿಗೆ ಬರದಿದ್ರೆ ತೆಗೀತೀವಿ ಅಂದಿದ್ದಾರೆ."

ಅಂದು ಸಂಜೆ ಮೇಷ್ಟ್ರು ಬಾಗಿಲು ತಟ್ಟದೆ ಮ್ಯಾನೇಜರ ಕೋಣೆಗೆ ನುಗ್ಗಿದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಮೇಡಂ, ನೋಟಿಸು ತಪ್ಪಿದ್ರೆ ಹಡಗಿನವರ ಮೇಲಿನ ಹಕ್ಕು ಸಾಯಲ್ಲ. ಸಾಬೀತು ಮಾಡೋ ಭಾರ ನಮ್ಮ ತಲೆಗೆ ಬೀಳತ್ತೆ ಅಷ್ಟೇ. ದಾವೆ ಹೂಡೋಕೆ ಒಂದು ವರ್ಷ ಇದೆ."

"ನಂಗೊತ್ತಿಲ್ವಾ ಮೇಷ್ಟ್ರೇ?" ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಆದ್ರೆ ಸಾಬೀತು ಮಾಡೋಕೆ ನಮ್ಮ ಹತ್ರ ಏನಿದೆ?"

"ಉಪ್ಪುನೀರಿನ ವರದಿ ಇದೆ. ಶೆಡ್ಡಿನಲ್ಲಿ ಕಡಲು ಹರಿಯಲ್ಲ ಮೇಡಂ."

"ಮೆಮೊ ಬರೆದೋರು ನೀವೇ."

"ನಾನೇ. ಅದಕ್ಕೇ ಕೇಳ್ತಿದ್ದೀನಿ, ಒಂದು ವಾಕ್ಯ ಸೇರ್ಸಿ. ಕಾಗದ ಸಿಗದಿದ್ರೆ ಯಾಕೆ ಸಿಗಲಿಲ್ಲ, ಬದಲಿಗೆ ಏನು ಹುಡುಕಿದ್ವಿ ಅಂತ ಬರೆದು ನಿಮ್ಮ ಮುಂದೆ ಇಡೋ ಹಾಗೆ. ಕಣ್ಣುಮುಚ್ಚಿ ವಾಪಸ್ ಕಳ್ಸೋದು ಬೇಡ. ಇಲ್ಲಾಂದ್ರೆ ನನ್ನ ಮೇಜನ್ನ ಇವತ್ತೇ ಖಾಲಿ ಮಾಡಿಸ್ಬಿಡಿ."

"ಹೆದರಿಸ್ತಿದ್ದೀರಾ?"

"ಇಲ್ಲ ಮೇಡಂ. ಬೇಡ್ತಿದ್ದೀನಿ."

ಮ್ಯಾನೇಜರು ಫೋನ್ ಎತ್ತಿಕೊಂಡರು. ಹೆಡ್ ಆಫೀಸಿನ ಜೊತೆ ಮಾತು ಆ ದಿನ ಮುಗಿಯಲಿಲ್ಲ, ಮರುದಿನವೂ ಮುಗಿಯಲಿಲ್ಲ. ಉತ್ತರ ಬರುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಆ ದಿನಗಳಲ್ಲಿ ಮೇಷ್ಟ್ರು ಊಟದ ಡಬ್ಬಿ ಬಿಚ್ಚದೆ ಮನೆಗೆ ಒಯ್ಯತೊಡಗಿದರು. "ಇದೇನ್ರೀ, ನನ್ನ ಕೈಯಡುಗೆ ಮೇಲೆ ಮುನಿಸಾ?" ಎಂದು ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

ಕೊನೆಗೆ ವಾಕ್ಯ ಸೇರಿತು. ಮೇಷ್ಟ್ರು ತಿದ್ದಿದ ಮೆಮೊವನ್ನು ಎಲ್ಲರಿಗೂ ಕಳಿಸಿದರು. ಶೆಡ್ಡಿನ ಕ್ಲೇಮೂ ಪಾಸಾಯಿತು, ಆದರೆ ಪೂರ್ತಿ ಅಲ್ಲ. ನೋಟಿಸು ಕೊಡದೆ ಅವಳು ಹಡಗಿನವರಿಂದ ವಸೂಲಿಯ ಅವಕಾಶ ಕುಗ್ಗಿಸಿದ್ದಕ್ಕೆ ಒಂದು ಪಾಲು ಕಡಿತ. ಮ್ಯಾನೇಜರು ಅದಕ್ಕಿಂತ ಹೆಚ್ಚು ಎಳೆಯಲಾರದೆ ಹೋದರು.

ಸುದ್ದಿ ಹೇಳಲು ಮೇಷ್ಟ್ರು ತಾವೇ ಹೋದರು. ಬೆಂಚು ಖಾಲಿಯಿತ್ತು. ಕಂಡಕ್ಟರನ ಕೆಲಸ ಹೋಗಿತ್ತು. ಅವನು ಅಣ್ಣನ ಮನೆಗೆ, ಬೇರೆ ಊರಿಗೆ ಹೊರಟುಹೋಗಿದ್ದ. ಕೆಲಸದವರಲ್ಲಿ ಒಬ್ಬನೇ ಉಳಿದಿದ್ದ.

"ಕೊಟ್ರಲ್ಲ ಸಾರ್, ಅಷ್ಟಾದ್ರೂ," ಎಂದಳು ಅವಳು. ಖುಷಿಯೂ ಇಲ್ಲ, ಸಿಟ್ಟೂ ಇಲ್ಲ. "ಮತ್ತೆ ತರಿಸ್ಬೇಕು. ಬರೋಕೆ ಎರಡು ತಿಂಗಳಾಗತ್ತೆ. ಅಲ್ಲೀವರೆಗೂ ಬಾಗಿಲು ತೆಗೆದಿಟ್ಕೊಂಡಿರೋಕೆ ಆಗತ್ತೋ ಇಲ್ವೋ, ನೋಡ್ಬೇಕು."

ಹೊರಗೆ ಗುಜರಿಯವನ ಗಾಡಿ ಬಂದು ನಿಂತಿತ್ತು. ತುಕ್ಕು ಹಿಡಿದ ಕೀಲುಗಳನ್ನು ಅವನಿಗೆ ಮಾರಿ, ಬಂದ ದುಡ್ಡನ್ನು ಕ್ಲೇಮಿನಲ್ಲಿ ಮುರಿದುಕೊಳ್ಳಬೇಕು, ಅದೂ ನಿಯಮವೇ. ಅವಳು ಒಂದು ಪೆಟ್ಟಿಗೆ ಎತ್ತಲು ಬಗ್ಗಿದಳು. ಮೇಷ್ಟ್ರು ಸೊಂಟದ ಮಾತು ಮರೆತು ಇನ್ನೊಂದು ತುದಿ ಹಿಡಿದರು. ಇಬ್ಬರೂ ಅದನ್ನು ಗಾಡಿಯವರೆಗೆ ಹೊತ್ತರು, ಮತ್ತೆ ಇನ್ನೊಂದಕ್ಕೆ ಒಳಗೆ ಹೋದರು.