ಮೂರು ಪಾಯಿಂಟ್ ನಾಲ್ಕು ಬಾರ್

ನಿವೃತ್ತನಾದ ಮೇಲೂ ವಾರಕ್ಕೆ ಎರಡು ದಿನ ರಾಂಜಣಗಾಂವದ ನಮ್ಮ ರಬ್ಬರ್ ಪೈಪಿನ ಕಾರ್ಖಾನೆಗೆ ಹೋಗುತ್ತೇನೆ. ಹೋದ ಕೂಡಲೇ ಮೇಜು ಒರೆಸುವುದು, ಕನ್ನಡಕ ಒರೆಸುವುದು, ಆಮೇಲೆ ಕೆಲಸ. ಈ ಕ್ರಮ ಇವತ್ತಿಗೂ ತಪ್ಪಿಲ್ಲ.

ಗುಣಮಟ್ಟ ವಿಭಾಗ ಈಗ ಕಲಬುರಗಿಯ ಒಬ್ಬ ಹುಡುಗಿಯ ಕೈಯಲ್ಲಿದೆ. ಹಿಂದಿನ ಸಲ ಗ್ರಾಹಕ ಕಂಪನಿಯ ತಪಾಸಣೆಗಾರ ಬಂದು, "ನಿಮ್ಮ ಆಟೊಕ್ಲೇವ್ ನಡೆಯುವುದು ಐದು ಪಾಯಿಂಟ್ ಎರಡು ಬಾರ್ ಒತ್ತಡದಲ್ಲಿ. ನಿಮ್ಮ ಮಾಸ್ಟರ್ ಗೇಜನ್ನು ಆ ಒತ್ತಡದ ಹತ್ತಿರ ಪರೀಕ್ಷಿಸಿದ ದಾಖಲೆ ಎಲ್ಲಿ?" ಎಂದು ಕೇಳಿ ಆಕ್ಷೇಪ ಬರೆದು ಹೋಗಿದ್ದ. ಆಟೊಕ್ಲೇವ್ ಎಂದರೆ ಪೈಪುಗಳನ್ನು ಉಗಿಯ ಒತ್ತಡದಲ್ಲಿ ಬೇಯಿಸುವ ದೊಡ್ಡ ಉಕ್ಕಿನ ಪಾತ್ರೆ; ಅದರ ಒತ್ತಡಮಾಪಕವನ್ನು ನಾವು ತಾಳೆ ನೋಡುವುದು ಈ ಮಾಸ್ಟರ್ ಗೇಜಿನಿಂದ. ಅವನು ಮತ್ತೆ ಬರುವುದರೊಳಗೆ ಹೊಸ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಆ ಗ್ರಾಹಕ ಕೈಬಿಡುತ್ತಾನೆ, ಮಾತು ಬರುವುದು ಆಕೆಯ ಮೇಲೆ.

ಗೇಜುಗಳ ನಿಖರತೆ ಪರೀಕ್ಷಿಸುವ, ಮಾನ್ಯತೆ ಪಡೆದ ಕ್ಯಾಲಿಬ್ರೇಷನ್ ಲ್ಯಾಬಿಗೆ ದರಪಟ್ಟಿ ಕೇಳಿ ಆಕೆ ಮೇಲ್ ಕಳಿಸಿದ್ದಳು. ಲ್ಯಾಬಿನವರು ಅಂದು ಬೆಳಿಗ್ಗೆ ಫೋನ್ ಮಾಡಿದರು. ಮರಾಠಿಯಲ್ಲಿ ಮಾತಾಡಿ ಇಟ್ಟವಳೇ ನನ್ನ ಕಡೆ ತಿರುಗಿದಳು.

"ಸರ್, ಅವ್ರ ಅಳತ್ಯಾಗಿನ ಅನಿಶ್ಚಿತತೆ ಆದಷ್ಟು ಕಡಿಮಿ ಇರ್ಲಿ ಅಂತ ಬರ್ದಿದ್ದೆ. ಅವ್ರು ನಕ್ಕೋತ, ಆದಷ್ಟು ಅಂದ್ರ ಎಷ್ಟು, ನಿಮಗ ಬೇಕಾದ್ದು ಹೇಳ್ರಿ ಅಂದ್ರು."

"ನಕ್ಕದ್ದು ಸರಿಯಾಗೇ ಇದೆ. ಆಟೊಕ್ಲೇವಿನಲ್ಲಿ ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತೆ?"

"ಅತ್ಲಾಗ ಇತ್ಲಾಗ ಪಾಯಿಂಟ್ ಒಂದು ಬಾರ್."

"ಅದರ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಕೇಳು."

"ಅಂದ್ರ... ಪಾಯಿಂಟ್ ಸೊನ್ನೆ ಎರಡು ಸಾಕ್ರಿ."

ಲ್ಯಾಬಿನ ಮಾನ್ಯತಾ ಪಟ್ಟಿಯನ್ನು ತೆರೆದು ನೋಡಿದೆವು. ಆ ವ್ಯಾಪ್ತಿಯಲ್ಲಿ ಅವರ ಸಾಮರ್ಥ್ಯ ಅದಕ್ಕಿಂತ ಚೆನ್ನಾಗಿಯೇ ಇತ್ತು. ಹೊಸ ಮೇಲಿನಲ್ಲಿ ಗೇಜಿನ ವ್ಯಾಪ್ತಿ ಸೊನ್ನೆಯಿಂದ ಹತ್ತು ಬಾರ್ ಎಂದು ಬರೆದು, ಆಕೆ ಯಾವ ಯಾವ ಒತ್ತಡದಲ್ಲಿ ಪರೀಕ್ಷಿಸಬೇಕು ಎಂಬ ಪರೀಕ್ಷಾ ಬಿಂದುಗಳಿಗೆ ಬಂದಳು. ಹಳೆಯ ಮೇಲ್‌ನಿಂದ ಹಾಗೇ ಇಳಿಸಿಕೊಂಡಿದ್ದ ಸಾಲು: ಸೊನ್ನೆ, ಎರಡು, ಮೂರು ಪಾಯಿಂಟ್ ನಾಲ್ಕು, ನಾಲ್ಕು, ಆರು, ಎಂಟು, ಹತ್ತು.

"ಸರ್, ನಡುವ ಈ ಮೂರು ಪಾಯಿಂಟ್ ನಾಲ್ಕು ಯಾಕ್ರಿ? ಜಾತ್ರ್ಯಾಗ ತಪ್ಪಿಸಿಕೊಂಡ ಕೂಸಿನಂಗ ನಿಂತದ."

ಹೇಳಿದೆ. ನಾನು ಕೆಲಸಕ್ಕೆ ಸೇರಿದಾಗ ಇಲ್ಲಿದ್ದ ಹಳೆಯ ಆಟೊಕ್ಲೇವ್ ನಡೆಯುತ್ತಿದ್ದುದು ಆ ಒತ್ತಡದಲ್ಲಿ. ಸೊಲ್ಲಾಪುರದ ಕಡೆಯ ನಮ್ಮ ಸೂಪರ್‌ವೈಸರು ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ಅಂಕಿ ಬರೆದಿದ್ದರು. ಉಗಿಯ ಕೊಳವೆಯ ಮೇಲೆ ನಮ್ಮ ಬುತ್ತಿಗಳು ಸಾಲಾಗಿ ಕೂತು ಬಿಸಿಯಾಗುತ್ತಿದ್ದವು. ಮಧ್ಯಾಹ್ನ ಬಾಗಿಲು ತೆರೆದರೆ ಗಂಧಕ, ರಬ್ಬರು ಮತ್ತು ಯಾರದೋ ಶೇಂಗಾ ಚಟ್ನಿಯ ವಾಸನೆ ಒಟ್ಟಿಗೆ ಬರುತ್ತಿತ್ತು. ಯಾರಾದರೂ ಮೂರೂವರೆ ಎಂದರೆ ಸೂಪರ್‌ವೈಸರು, "ಮೂರೂವರಿ ಸಂತ್ಯಾಗ ಹೇಳೋ ಮಾರಾಯಾ, ಇಲ್ಲಿ ಮೂರು ಪಾಯಿಂಟ್ ನಾಲ್ಕು" ಎನ್ನುತ್ತಿದ್ದರು. ಗೇಜನ್ನು ಮೊದಲ ಸಲ ಲ್ಯಾಬಿಗೆ ಒಯ್ದಾಗ ಅವರು ಅದನ್ನು ಸ್ಕೂಟರಿನ ಮೇಲೆ ತೊಡೆಯಲ್ಲಿಟ್ಟುಕೊಂಡು ಹಿಂದೆ ಕೂತಿದ್ದರು. ಗುಂಡಿ ಬಂದಾಗಲೆಲ್ಲ ಬೈಸಿಕೊಂಡದ್ದು ನಾನು.

"ಆ ಯಂತ್ರ ಹೋಗಿ ಎಷ್ಟು ದಿನ ಆತ್ರಿ?"

"ನೀನು ಶಾಲೆಗೆ ಹೋಗುತ್ತಿದ್ದಿರಬೇಕು."

"ಅಯ್ಯ! ಇಲ್ಲದ ಯಂತ್ರಕ್ಕ ವರ್ಷಾ ವರ್ಷಾ ಪರೀಕ್ಷಾ ಮಾಡಸಾಕತ್ತೀವೇನ್ರಿ? ನಡೆಯೋ ಯಂತ್ರದ ಐದು ಪಾಯಿಂಟ್ ಎರಡೇ ಇಲ್ಲಿಲ್ಲ."

"ಅದನ್ನು ಸೇರಿಸು. ಇದೂ ಇರಲಿ ಬಿಡು, ಒಂದು ಬಿಂದು ತಾನೇ."

ಆಕೆ ಕೀಲಿಮಣೆಯಿಂದ ಕೈ ತೆಗೆದಳು. "ಇಡ್ತೀನ್ರಿ ಸರ್. ಆದ್ರ ಆ ಮನಷ್ಯಾ ಬಂದು, ಇದನ್ನ ಎಲ್ಲಿ ಬಳಸ್ತೀರಿ ಅಂತ ಕೇಳಿದ್ರ ಏನ್ ಹೇಳ್ಲಿ? ಕೆಳಗ ಸಹಿ ನಂದು ಅದ."

ಬಳಸುವ ಒತ್ತಡವನ್ನೇ ಪರೀಕ್ಷಿಸಬೇಕು ಎಂದು ಸೂಪರ್‌ವೈಸರು ಅಂದು ಆ ಅಂಕಿಯನ್ನು ಸೇರಿಸಿದ್ದರು. ಅವರು ಇವತ್ತು ಇಲ್ಲಿದ್ದರೆ ಅದನ್ನು ಮೊದಲು ಹೊಡೆದುಹಾಕುತ್ತಿದ್ದವರೂ ಅವರೇ.

"ತೆಗೆ," ಎಂದೆ.

ಆಕೆ ತೆಗೆದಳು. ನಾಲ್ಕು ಮತ್ತು ಆರರ ನಡುವೆ ಐದು ಪಾಯಿಂಟ್ ಎರಡು ಬಂದು ಕೂತಿತು. ಒತ್ತಡ ಏರುವಾಗ, ಇಳಿಯುವಾಗ ಎರಡೂ ಸಲ ಓದಬೇಕು, ಪ್ರಮಾಣಪತ್ರದ ಮೇಲೆ ಮಾನ್ಯತೆಯ ಗುರುತು ಇರಬೇಕು ಎಂದೂ ಬರೆಸಿದೆ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಕೇಳಿಸಿ ಕಳಿಸಿದಳು.

ಊಟದ ನಂತರ, "ಎಲ್ಲಿತ್ರಿ ಆ ಹಳೇ ಯಂತ್ರ?" ಎಂದಳು. ಪ್ಯಾಕಿಂಗ್ ಮೇಜಿನ ಹತ್ತಿರ ಕರೆದುಕೊಂಡು ಹೋದೆ. ಮೇಜಿನ ಕೆಳಗೆ, ನೆಲದ ಮಟ್ಟಕ್ಕೆ ಕತ್ತರಿಸಿದ ಅದರ ಬೋಲ್ಟುಗಳ ತುದಿಗಳು ಇನ್ನೂ ಕಾಣುತ್ತವೆ. ಆಕೆ ಬಗ್ಗಿ ನೋಡಿದಳು.

"ಬಾಗಿಲಾ ಯಾವ ಕಡಿ?"

"ನೀನು ನಿಂತಿರುವ ಕಡೆ."

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು, ಬಾಗಿಲು ತೆರೆಯಲು ಜಾಗ ಬೇಕು ಎನ್ನುವಂತೆ. ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. "ದರಪಟ್ಟಿ ಬಂತ್ರಿ ಸರ್! ತಪಾಸಣಿಗಿಂತ ಮೊದ್ಲ ಕೊಡ್ತಾರಂತ. ಐದು ಪಾಯಿಂಟ್ ಎರಡು ಬರದಾರ," ಎಂದು ಓದುತ್ತಲೇ ಗೇಜು ಕಟ್ಟಲು ಓಡಿದಳು. ನಾನು ಅಲ್ಲೇ ಇನ್ನೊಂದಿಷ್ಟು ಹೊತ್ತು ನಿಂತಿದ್ದೆ.